ನಾನು ಎಣಿಸದ ಮೂರು ಗೇಟು

ಗಂಜಾಮಿನ ನಮ್ಮ ಮನೆಯ ಹಜಾರದಲ್ಲಿ ಕಿಟಕಿಯ ಪಕ್ಕ ಒಂದು ಹಳೇ ಮೇಜಿದೆ. ಮೊನ್ನೆ ಮೊನ್ನೆಯವರೆಗೂ ಅದರ ಮೇಲೆ ನಾನೇ ಬೆಸುಗೆ ಹಾಕಿ ಮಾಡಿದ ಒಂದು ಬೋರ್ಡು ಇತ್ತು. ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ, ಅಲ್ಲಿಯ ಲ್ಯಾಬನ್ನೂ ನೋಡಿಕೊಂಡು ನಿವೃತ್ತಳಾದವಳು ನಾನು. ಹೊಸ ಕಿಟ್‌ಗಳು ಬಂದಾಗ ಹಳೆಯವನ್ನು ಗುಜರಿಗೆ ಹಾಕುತ್ತಿದ್ದರು. ನನ್ನ ಕೈಯಲ್ಲಿ ಹುಟ್ಟಿದ ಬೋರ್ಡು ಗುಜರಿಗೆ ಹೋಗುವುದು ಬೇಡವೆಂದು ಪ್ರಿನ್ಸಿಪಾಲರನ್ನು ಕೇಳಿ ಒಂದನ್ನು ಮನೆಗೆ ತಂದೆ. ಅದನ್ನು ಇಟ್ಟುಕೊಂಡು, ಡಿಜಿಟಲ್ ಪೇಪರು ಉಳಿಸಿಕೊಂಡವರಿಗೆ ಮಧ್ಯಾಹ್ನದ ಹೊತ್ತು ಪಾಠ ಹೇಳುತ್ತಿದ್ದೆ. ಮೂರೋ ನಾಲ್ಕೋ ಜನ ಬರುತ್ತಿದ್ದರು. ಮನೆಯಲ್ಲಿ ಸುಮ್ಮನೆ ಕೂತು ಸೀರಿಯಲ್ ನೋಡುವುದಕ್ಕಿಂತ ಬೇರೆಯವರ ತಲೆ ತಿನ್ನುವುದು ನನಗೆ ಮೊದಲಿನಿಂದಲೂ ಇಷ್ಟ.

ಪಾಠದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಗೊತ್ತಾಗುವುದಿಲ್ಲ. ಗೇಟು ಅಂದರೆ ಒಂದು ಪುಟ್ಟ ತೀರ್ಮಾನ. ಎರಡು ಕಡೆಯಿಂದಲೂ ಹೂಂ ಬಂದರೆ ಮಾತ್ರ ಹೂಂ ಅನ್ನುವುದು ಆಂಡ್ ಗೇಟು. ಯಾವುದಾದರೂ ಒಂದು ಕಡೆಯಿಂದ ಬಂದರೂ ಸಾಕು ಅನ್ನುವುದು ಆರ್ ಗೇಟು. ಹೂಂ ಅಂದರೆ ಊಹೂಂ, ಊಹೂಂ ಅಂದರೆ ಹೂಂ ಅನ್ನುವ ಮೊಂಡ ನಾಟ್ ಗೇಟು. ಇವುಗಳನ್ನು ತಂತಿಯಿಂದ ಜೋಡಿಸಿ ಒಂದು ಕೆಲಸ ಮಾಡಿಸಬೇಕು. ಒಂದೇ ಕೆಲಸವನ್ನು ಹತ್ತು ಥರ ಮಾಡಿಸಬಹುದು. ಯಾವುದು ವಾಸಿ ಅಂತ ಹೇಳಬೇಕಾದರೆ ಮೂರು ಲೆಕ್ಕ ಹಾಕುತ್ತೇವೆ. ಎಷ್ಟು ಗೇಟು ಬೇಕು ಅನ್ನುವುದು ಒಂದು. ಸೂತ್ರದಲ್ಲಿ ಅಕ್ಷರಗಳನ್ನು ಒಟ್ಟು ಎಷ್ಟು ಸಲ ಬರೆಯಬೇಕಾಯಿತು ಅನ್ನುವುದು ಇನ್ನೊಂದು, ಅದಕ್ಕೆ ಲಿಟರಲ್ ಅನ್ನುತ್ತೇವೆ. ಸ್ವಿಚ್ಚಿನಿಂದ ಹೊರಟ ಸುದ್ದಿ ದೀಪಕ್ಕೆ ತಲುಪುವಾಗ ತೀರಾ ಉದ್ದದ ದಾರಿಯಲ್ಲಿ ಎಷ್ಟು ಗೇಟು ದಾಟಬೇಕು ಅನ್ನುವುದು ಮೂರನೆಯದು, ಅದು ಲೆವೆಲ್. ಪ್ರತಿ ಗೇಟೂ ಒಂದು ಚೂರು ತಡ ಮಾಡುತ್ತದೆ. ಬೀದಿ ಬಾಗಿಲಿನಿಂದ ಹಿತ್ತಲಿಗೆ ಹೋಗುವಾಗ ಎಷ್ಟು ಹೊಸ್ತಿಲು ದಾಟಬೇಕೋ ಅಷ್ಟು ತಡ ಎಂದು ನಾನು ಹೇಳಿಕೊಡುತ್ತಿದ್ದೆ.

ನನ್ನ ಪಾಠದಲ್ಲಿ ಇದೊಂದು ಪಂದ್ಯವಾಗಿತ್ತು. ಸ್ಲೇಟಿನ ಮೇಲೆ ಮೂರು ಕಂಬ ಎಳೆದು ಗೇಟು, ಲಿಟರಲ್, ಲೆವೆಲ್ ಎಂದು ಬರೆಯುತ್ತಿದ್ದೆ. ಎಲ್ಲರಿಗಿಂತ ಕಡಿಮೆ ತಂದವರಿಗೆ ಕಡಲೆ ಮಿಠಾಯಿ. ಹೆಚ್ಚು ತಂದವರಿಗೆ ನನ್ನ ಬಾಯಿಂದ ಒಂದು ಅಡ್ಡಹೆಸರು. ಆ ಹೆಸರು ಅವರು ಪಾಸಾಗುವ ತನಕ ಬಿಡುತ್ತಿರಲಿಲ್ಲ.

ಇನ್ನು ಬೋರ್ಡು. ಬೇರೆ ಕಡೆಯ ಬೋರ್ಡುಗಳಲ್ಲಿ ಒಂದು ಸ್ವಿಚ್ಚಿಗೆ ತಂತಿ ಸಿಕ್ಕಿಸಲು ಒಂದೇ ಸಾಕೆಟ್ಟು ಇರುತ್ತದೆ. ನನ್ನದರಲ್ಲಿ ಎರಡು. ಬಿಳಿಯದು ಸ್ವಿಚ್ಚು ಹೇಳಿದ್ದನ್ನೇ ಹೇಳುತ್ತದೆ. ಹಸಿರು ಅದರ ಉಲ್ಟಾ. ಎ ಅನ್ನುವ ಸ್ವಿಚ್ಚು ಹಾಕಿದರೆ ಬಿಳಿಯಲ್ಲಿ ಎ, ಹಸಿರಿನಲ್ಲಿ ಎ ಬಾರ್, ಅಂದರೆ ತಲೆಕೆಳಗಾದ ಎ. ಆ ಉಲ್ಟಾ ಮಾಡುವ ನಾಟ್ ಗೇಟುಗಳ ಚಿಪ್ಪನ್ನು ಬೋರ್ಡಿನ ಹೊಟ್ಟೆಯೊಳಗೆ ಕೂರಿಸಿ ಮೇಲೆ ಸನ್‌ಮೈಕಾ ಹೊಡೆದಿದ್ದೆ. ಮಕ್ಕಳು ನಾಟ್ ಗೇಟಿಗೆ ತಂತಿ ಹಾಕುವುದರಲ್ಲೇ ಅರ್ಧ ಪೀರಿಯಡ್ಡು ಕಳೆಯುತ್ತಾರೆ, ಅದನ್ನು ಉಳಿಸೋಣ ಅನ್ನುವುದು ಒಂದು ಕಾರಣ. ನನ್ನ ತುಂಟತನ ಇನ್ನೊಂದು. ಹೊಸಬರು ಬಂದು ಹಸಿರು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ಒಳಗೆ ನಮ್ಮ ನಾದಿನಿ ಕೂತಿದ್ದಾಳೆ, ಏನು ಹೇಳಿದರೂ ಉಲ್ಟಾ ಮಾತಾಡುತ್ತಾಳೆ ಅನ್ನುತ್ತಿದ್ದೆ. ನಮ್ಮ ಕಾಲೇಜಿನಲ್ಲಿ ಪರೀಕ್ಷೆಯೂ ಅದೇ ಬೋರ್ಡಿನ ಮೇಲೇ ನಡೆಯುತ್ತಿತ್ತು. ಹಾಗಾಗಿ ನಮ್ಮಲ್ಲಿ ಬಾರ್ ಹಾಕಿದ ಅಕ್ಷರಕ್ಕೆ ಯಾರೂ ಗೇಟು ಎಣಿಸುತ್ತಿರಲಿಲ್ಲ. ಅದು ಪುಕ್ಕಟೆ. ವರ್ಷಾನುಗಟ್ಟಲೆ ಹಾಗೇ ನಡೆಯಿತು.

ಪಾಠಕ್ಕೆ ಬರುವವರಲ್ಲಿ ಒಬ್ಬ ಹೆಂಗಸಿದ್ದಳು. ವಯಸ್ಸು ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ. ತವರು ಹೊಣಕೆರೆ ಕಡೆ, ಕೊಟ್ಟಿದ್ದು ಪಾಂಡವಪುರದ ಹತ್ತಿರದ ಒಂದು ಹಳ್ಳಿಗೆ. ಡಿಪ್ಲೊಮಾದಲ್ಲಿ ಡಿಜಿಟಲ್ ಪ್ರಾಕ್ಟಿಕಲ್ ಒಂದನ್ನು ಬಿಟ್ಟು ಎಲ್ಲ ಮುಗಿದಿತ್ತು. ಅಷ್ಟರಲ್ಲಿ ಮದುವೆಯಾಗಿ, ಬಾಣಂತನವಾಗಿ, ಆ ಒಂದು ಪೇಪರು ಹಾಗೇ ನಿಂತುಬಿಟ್ಟಿತ್ತು. ಮನೆಯಲ್ಲಿ ಆರು ಹಸು. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಮಗುವನ್ನು ಅಂಗನವಾಡಿಗೆ ಬಿಟ್ಟು ಬಸ್ಸು ಹತ್ತಿ ಬರುತ್ತಿದ್ದಳು. ಕೂತ ಮೇಲೆ ಐದು ನಿಮಿಷ ಅವಳಿಗೆ ನೀರು ಕುಡಿಯುವುದಕ್ಕೇ ಬೇಕು.

ಅವಳಿಗೆ ಆ ಪೇಪರು ಯಾಕೆ ಬೇಕಾಗಿತ್ತು ಅಂದರೆ, ಅವರ ಊರಿನ ಸುತ್ತಿನ ಹಾಲೆಲ್ಲ ಸೇರುವ ಶೀತಲ ಕೇಂದ್ರದಲ್ಲಿ ಪ್ಯಾನೆಲ್ ನೋಡಿಕೊಳ್ಳುವ ಒಂದು ಕೆಲಸ ಖಾಲಿಯಾಗುವುದರಲ್ಲಿತ್ತು. ಡಿಪ್ಲೊಮಾ ಸರ್ಟಿಫಿಕೇಟು ತಂದರೆ ನಿನಗೇ ಎಂದು ಅಲ್ಲಿಯವರು ಬಾಯಿಮಾತಿನಲ್ಲಿ ಹೇಳಿದ್ದರು. ಅವಳ ಅತ್ತೆ ಇದೊಂದು ಸಲ ಮಾತ್ರ ಪರೀಕ್ಷೆಗೆ ಕೂರು ಎಂದು ಒಪ್ಪಿದ್ದರು. ಒಂದು ಸಲ, ಎರಡನೆಯದಿಲ್ಲ. ಇದನ್ನು ಅವಳು ಮೊದಲ ದಿನವೇ ನನಗೆ ಹೇಳಿದ್ದಳು. ನನಗೆ ಗೊತ್ತಿತ್ತು ಅನ್ನುವುದನ್ನು ಇಲ್ಲೇ ಬರೆದಿಡುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಅಂದುಬಿಡುವ ಬುದ್ಧಿ ನನಗೆ ಬರದಿರಲಿ.

ಮೊದಲ ವಾರವೇ ಅವಳು ಹಸಿರಿನ ವಿಷಯ ಕೇಳಿದಳು.

"ಅಮ್ಮ, ಈ ಅಸ್ರು ಎಲ್ಲಿಂದ ಬತ್ತದೆ? ಒಳಗೆ ಯಾರೋ ತಿರುಗಿಸ್ಬೇಕಲ್ವಾ?"

"ನಿಮ್ಮನೆ ಹಾಲಿನ ಥರ ಕಣೇ," ಅಂದೆ ನಾನು. "ಬೆಳಿಗ್ಗೆ ನೋಡಿದರೆ ಕ್ಯಾನಲ್ಲಿರುತ್ತೆ. ಎಲ್ಲಿಂದ ಬಂತು ಅಂತ ಯಾರು ಕೇಳ್ತಾರೆ?"

"ಯಾರೂ ಕೇಳಕಿಲ್ಲ ಬುಡಿ. ಕರೆಯೋಳು ನಾನೇ ಅಲ್ವಾ."

ಪಕ್ಕದಲ್ಲಿದ್ದ ಬೆಳಗೊಳದ ಹುಡುಗಿ ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಅವಳು ನನ್ನ ತಮಾಷೆಗೆ ಸರಿಯಾದ ಉತ್ತರ ಕೊಟ್ಟಳು ಅನ್ನುವುದು ಆಗ ನನ್ನ ತಲೆಗೆ ಹೋಗಲಿಲ್ಲ.

ಪರೀಕ್ಷೆಗೆ ಹದಿನೈದು ದಿನ ಇರುವಾಗ ಒಂದು ಲೆಕ್ಕ ಕೊಟ್ಟೆ. ಮೂರು ಪಂಪುಗಳಿವೆ, ಎ, ಬಿ, ಸಿ. ಕನಿಷ್ಠ ಎರಡು ಓಡುತ್ತಿರಬೇಕು. ಎರಡಕ್ಕಿಂತ ಕಡಿಮೆ ಓಡುತ್ತಿದ್ದರೆ ಗಂಟೆ ಹೊಡೆಯಬೇಕು. ಎರಡು ಕಾಲಿನ, ಅಂದರೆ ಎರಡೇ ಸುದ್ದಿ ಒಳಗೆ ತೆಗೆದುಕೊಳ್ಳುವ ಆಂಡ್, ಆರ್ ಗೇಟುಗಳನ್ನೇ ಬಳಸಿ ಎರಡು ಮೂರು ಥರದಲ್ಲಿ ಬಿಡಿಸಿ, ಹೋಲಿಸಿ, ಕಡಿಮೆಯದನ್ನು ಬೋರ್ಡಿನ ಮೇಲೆ ಕಟ್ಟಿ.

ಬೆಳಗೊಳದ ಹುಡುಗಿ ಪುಸ್ತಕದಲ್ಲಿದ್ದ ಹಾಗೇ ಮಾಡಿದಳು. ಯಾವ ಎರಡು ಪಂಪು ನಿಂತಿದ್ದರೂ ಗಂಟೆ. ಎ ಬಾರ್ ಬಿ ಬಾರ್, ಎ ಬಾರ್ ಸಿ ಬಾರ್, ಬಿ ಬಾರ್ ಸಿ ಬಾರ್, ಮೂರನ್ನೂ ಆರ್ ಮಾಡುವುದು. ಮೂರು ಆಂಡ್, ಎರಡು ಆರ್, ಒಟ್ಟು ಐದು ಗೇಟು, ಆರು ಲಿಟರಲ್, ಮೂರು ಲೆವೆಲ್. ನಾನು ಅದರಲ್ಲಿ ಎ ಬಾರನ್ನು ಹೊರಗೆ ತೆಗೆದು ತೋರಿಸಿದೆ. ಬಿ ಬಾರ್, ಸಿ ಬಾರ್‌ಗಳನ್ನು ಆರ್ ಮಾಡಿ, ಅದನ್ನು ಎ ಬಾರ್ ಜೊತೆ ಆಂಡ್ ಮಾಡಿ, ಬಿ ಬಾರ್ ಸಿ ಬಾರ್ ಆಂಡನ್ನು ಅದಕ್ಕೆ ಆರ್ ಮಾಡಿದರಾಯಿತು. ನಾಲ್ಕು ಗೇಟು, ಐದು ಲಿಟರಲ್, ಲೆವೆಲ್ ಮೂರೇ. ಒಂದು ಗೇಟು ಉಳಿಯಿತು, ಒಂದು ಅಕ್ಷರ ಉಳಿಯಿತು. ಆಗ ನನ್ನ ಮುಖ ನೋಡಬೇಕಿತ್ತು.

ಆ ಹೆಂಗಸು ಇನ್ನೂ ತನ್ನ ಸ್ಲೇಟಿನ ಮೇಲೇ ಬಗ್ಗಿ ಕೂತಿದ್ದಳು. ಏನು ಮಾಡಿದ್ದಾಳೆ ಎಂದು ಇಣುಕಿದೆ. ಅವಳು ಬಾರ್ ಹಾಕಿದ ಒಂದು ಅಕ್ಷರವನ್ನೂ ಬಳಸಿರಲಿಲ್ಲ. ಬಿ, ಸಿ ಆರ್ ಮಾಡಿ, ಎ ಜೊತೆ ಆಂಡ್ ಮಾಡಿ, ಬಿ ಸಿ ಆಂಡನ್ನು ಅದಕ್ಕೆ ಆರ್ ಮಾಡಿ, ಕಟ್ಟಕಡೆಗೆ ಒಂದು ನಾಟ್ ಗೇಟು ಇಟ್ಟಿದ್ದಳು. ಯಾಕೆ ಹೀಗೆ ಎಂದು ಕೇಳಿದೆ.

"ನಿಂತಿರೋದ್ನ ಯಾಕಮ್ಮ ಎಣಿಸ್ಬೇಕು? ಎರಡು ಓಡ್ತಾ ಅವೇನೋ ಅಂತ ಕೇಳದು. ಇಲ್ಲ ಅಂದ್ರೆ ಗಂಟೆ. ಕೊನೇಲಿ ಒಂದ್ಸಲ ತಿರುಗಿಸ್ಬುಟ್ರೆ ಆಯ್ತು."

ನಾನು ಅವಳ ಸ್ಲೇಟು ತೆಗೆದುಕೊಂಡು ಎಲ್ಲರಿಗೂ ಹಿಡಿದು ತೋರಿಸುತ್ತಾ ಜೋರಾಗಿ ಎಣಿಸಿದೆ. ಗೇಟು ಐದು, ನನ್ನದಕ್ಕಿಂತ ಒಂದು ಹೆಚ್ಚು. ಲಿಟರಲ್ ಐದು, ಸಮ. ಲೆವೆಲ್ ನಾಲ್ಕು, ನನ್ನದಕ್ಕಿಂತ ಒಂದು ಹೆಚ್ಚು. "ಒಂದು ಗೇಟು ದಂಡ, ಒಂದು ಹೊಸ್ತಿಲು ದಂಡ," ಅಂದೆ. ಅವತ್ತಿನಿಂದ ಅವಳಿಗೆ ದಂಡದಮ್ಮ ಎಂದು ಹೆಸರಿಟ್ಟೆ. ಬಾರಮ್ಮ ದಂಡದಮ್ಮ, ಕೂತ್ಕೋ ದಂಡದಮ್ಮ. ಅವಳೂ ನಗುತ್ತಿದ್ದಳು. ತನ್ನದನ್ನು ಸೀರೆ ಸೆರಗಿನಿಂದ ಒರೆಸಿ ನನ್ನದನ್ನು ಬರೆದುಕೊಂಡಳು. ನಾಲ್ಕು, ಐದು, ಮೂರು ಅನ್ನುವ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡಳು.

ಈ ಸಲ ಪರೀಕ್ಷೆಯ ಸೆಂಟರು ನಮ್ಮ ಕಾಲೇಜಲ್ಲ, ಕೆ.ಆರ್.ಪೇಟೆ ಕಡೆಯ ಒಂದು ಕಾಲೇಜು. ಅವಳ ಅದೃಷ್ಟಕ್ಕೋ ದುರದೃಷ್ಟಕ್ಕೋ ಚೀಟಿ ಎತ್ತಿದರೆ ಅದೇ ಲೆಕ್ಕ ಬಂತು. ಪಂಪಿನ ಬದಲು ಫ್ಯಾನು ಅಂತಿತ್ತು, ಅಷ್ಟೇ. ಆವತ್ತು ಏನಾಯಿತು ಅನ್ನುವುದನ್ನು ನಾನು ಆಮೇಲೆ ಚೂರುಚೂರಾಗಿ ತಿಳಿದುಕೊಂಡೆ. ಅವಳು ಖುಷಿಯಿಂದ ನನ್ನ ಸೂತ್ರ ಬರೆದು, ಪಕ್ಕದಲ್ಲಿ ನಾಲ್ಕು ಗೇಟು, ಐದು ಲಿಟರಲ್, ಮೂರು ಲೆವೆಲ್, ಇದೇ ಅತ್ಯುತ್ತಮ ಎಂದು ಬರೆದು ಸಹಿ ಹಾಕಿಸಿಕೊಂಡಳಂತೆ. ಬೋರ್ಡಿನ ಮುಂದೆ ನಿಂತರೆ ಒಂದೊಂದು ಸ್ವಿಚ್ಚಿಗೆ ಒಂದೇ ಸಾಕೆಟ್ಟು. ಸ್ವಲ್ಪ ಹೊತ್ತು ಬೋರ್ಡನ್ನು ಆ ಕಡೆ ಈ ಕಡೆ ತಿರುಗಿಸಿ ಹಸಿರನ್ನು ಹುಡುಕಿದಳಂತೆ. ಆಮೇಲೆ ಎ, ಬಿ, ಸಿ ಮೂರಕ್ಕೂ ಒಂದೊಂದು ನಾಟ್ ಗೇಟು ಹಾಕಿ ಕಟ್ಟಲು ಹೊರಟಳು. ಪರೀಕ್ಷಕರು ಬಂದು ಕಾಗದದಲ್ಲಿ ನಾಲ್ಕು ಗೇಟು ಅಂತ ಇದೆ, ಇಲ್ಲಿ ಏಳು ಕಾಣಿಸುತ್ತಿದೆ, ಲೆವೆಲ್ಲೂ ಮೂರಲ್ಲ, ನಾಲ್ಕು, ಇದು ಹೇಗೆ ಅತ್ಯುತ್ತಮ ಎಂದು ಕೇಳಿದರು. ಇದಕ್ಕಿಂತ ಕಡಿಮೆ ಗೇಟಿನಲ್ಲಿ ಆಗುವುದಿಲ್ಲವೇ ಎಂದು ಅವರು ಇನ್ನೊಂದು ಅವಕಾಶ ಕೊಟ್ಟರಂತೆ. ಆಗುವುದಿಲ್ಲ ಸಾರ್ ಅಂದಳಂತೆ. ಅಷ್ಟು ಗಟ್ಟಿಯಾಗಿ ಹೇಳಿಕೊಟ್ಟವಳು ನಾನು. ಗಾಬರಿಯಲ್ಲಿ ಒಂದು ತಂತಿ ತಪ್ಪಿತು, ದೀಪ ಹತ್ತಲಿಲ್ಲ, ಹೊತ್ತು ಮುಗಿಯಿತು.

ಫಲಿತಾಂಶ ಬಂದ ಮೂರನೇ ದಿನ ಅವಳು ಅತ್ತೆಯ ಜೊತೆ ನಮ್ಮ ಮನೆಗೆ ಬಂದಳು. ನಿಮಿಷಾಂಬ ಗುಡಿಗೆ ಬಂದಿದ್ದೆವು, ಹಾಗೇ ಬಂದೆವು ಅಂದರು ಅತ್ತೆ. ಗಟ್ಟಿ ಹೆಂಗಸು, ಕೈಯಲ್ಲಿ ಹೂವು ಹಣ್ಣಿನ ಕವರು. ಕಾಫಿ ಕೊಟ್ಟರೆ ಬೇಡ ಅನ್ನಲಿಲ್ಲ, ಕುಡಿಯಲೂ ಇಲ್ಲ. ನೇರವಾಗಿ ಕೇಳಿದರು.

"ನೋಡಿ ಅಮ್ಮೋರೆ, ನೀವು ಓದ್ದೋರು. ನೀವೇ ಯೋಳಿ. ಇವ್ಳು ಸರ್ಯಾಗಿ ಕಲೀನಿಲ್ವೋ, ಇಲ್ಲ ನೀವು ಸರ್ಯಾಗಿ ಕಲಿಸ್ನಿಲ್ವೋ?"

ಪಂಪಿನ ಲೆಕ್ಕವೇ ಬಂದಿತ್ತು ಎಂದಷ್ಟೇ ಕೇಳಿದ್ದೆ, ಪರೀಕ್ಷೆಯಲ್ಲಿ ಏನಾಯಿತು ಎಂದು ಆಗ ನನಗಿನ್ನೂ ಗೊತ್ತಿರಲಿಲ್ಲ. ಕೇಳಬಹುದಿತ್ತು. ಕೇಳದೆ, ಇಷ್ಟು ವರ್ಷ ಪಾಠ ಹೇಳಿದ ಗತ್ತಿನಲ್ಲಿ, ನನ್ನಲ್ಲಿ ಕಲಿತವರು ಈ ಲೆಕ್ಕದಲ್ಲಿ ಒಬ್ಬರೂ ಫೇಲಾಗಿಲ್ಲ, ಇವಳಿಗೆ ಗಮನ ಇರಲಿಲ್ಲ, ಮನೆ ಕೆಲಸದ ಮೇಲೇ ಮನಸ್ಸು, ನಾನು ಹೇಳಿಕೊಟ್ಟದ್ದೆಲ್ಲ ಸರಿಯಾಗಿಯೇ ಇತ್ತು ಅಂದುಬಿಟ್ಟೆ.

ಅವಳು ತಲೆ ಎತ್ತಿದಳು. ಸಿಟ್ಟಿರಲಿಲ್ಲ. ಯಾವುದೋ ಒಂದು ಸಣ್ಣ ವಿಷಯ ತಿಳಿಸುವ ಹಾಗೆ ಹೇಳಿದಳು.

"ಅಲ್ಲಿ ಅಸ್ರು ಇರ್ನಿಲ್ಲ ಅಮ್ಮ."

ಅಷ್ಟು ಸಾಕಾಗಿತ್ತು. ಆ ಗಳಿಗೆಯಲ್ಲೇ ನನಗೆ ಎಲ್ಲವೂ ಗೊತ್ತಾಗಿಹೋಯಿತು. ಹಸಿರಿಲ್ಲದಿದ್ದರೆ ಮೂರು ನಾಟ್ ಬೇಕು. ನನ್ನ ನಾಲ್ಕು ಏಳಾಗುತ್ತದೆ. ಮೂರು ಲೆವೆಲ್ಲು ನಾಲ್ಕಾಗುತ್ತದೆ. ಬೆಳಗೊಳದ ಹುಡುಗಿಯ ಐದು ಎಂಟಾಗುತ್ತದೆ. ನಾನು ದಂಡ ಎಂದು ಒರೆಸಿಹಾಕಿಸಿದ್ದು ಐದು ಐದಾಗಿಯೇ ಉಳಿಯುತ್ತದೆ, ಯಾಕೆಂದರೆ ಅದು ಹಸಿರನ್ನು ಮುಟ್ಟಿಯೇ ಇರಲಿಲ್ಲ. ಲಿಟರಲ್ ಸಮ, ಲೆವೆಲ್ ಸಮ, ಗೇಟು ಎರಡು ಕಡಿಮೆ. ನನ್ನ ಮಟ್ಟಿಗೆ ಇಂಥ ಲೆಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಹಾಗಾಗಿ, ಆಮೇಲೆ ಯೋಚಿಸಿದಾಗ ಹೊಳೆಯಿತು ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಆಗಲೇ ಹೊಳೆಯಿತು. ಹೊಳೆದ ಮೇಲೆಯೇ ನನ್ನ ಬಾಯಿಂದ ಈ ಮಾತು ಬಂತು.

"ಹಸಿರು ಇಲ್ಲದಿದ್ದರೆ ನಾಟ್ ಹಾಕ್ಕೊಂಡು ಎಣಿಸಬೇಕು ಅಂತ ತಿಳಿಯಲ್ವೇನೇ? ಅದನ್ನೂ ಹೇಳಿಕೊಡಬೇಕಾ?"

ಅವಳು ಮತ್ತೆ ತಲೆ ತಗ್ಗಿಸಿದಳು. ಅತ್ತೆ ಎದ್ದು ನಿಂತು, ನಡಿಯವ್ವ, ಹಸುಗಳಿಗೆ ಹೊತ್ತಾಯ್ತು ಅಂದರು. ಬಾಗಿಲ ಹತ್ತಿರ ಹೋಗುವಾಗ, ಓದಿದ್ದು ಸಾಕು ಬುಡು ಎಂದು ಸೊಸೆಗೆ ಹೇಳಿದ್ದು ನನಗೆ ಕೇಳಿಸಿತು. ಕವರಿನಲ್ಲಿದ್ದ ಬಾಳೆಹಣ್ಣನ್ನು ಮೇಜಿನ ಮೇಲೆ ಬೋರ್ಡಿನ ಪಕ್ಕ ಇಟ್ಟುಹೋಗಿದ್ದರು. ಮನೆಗೆ ಬಂದವರು ಬರಿಗೈಲಿ ಬರಬಾರದು ಅಂತ.

ಅವತ್ತಿನಿಂದ ನನ್ನ ನಾಲಿಗೆಗೆ ಏನೂ ರುಚಿಸಲಿಲ್ಲ. ಬೆಳಗೊಳದ ಹುಡುಗಿ ಬಂದಾಗ ಆ ಪರೀಕ್ಷೆಯ ಕತೆಯನ್ನು ಬಿಡಿಸಿ ಬಿಡಿಸಿ ಕೇಳಿದೆ. ಅವಳೂ ಅದೇ ದಿನ ಅದೇ ಲ್ಯಾಬಿನಲ್ಲಿ ಇದ್ದವಳು. ಬೇರೆ ಲೆಕ್ಕ ಬಂದದ್ದರಿಂದ ಪಾಸಾಗಿದ್ದಳು. ದಂಡದಮ್ಮ ಪಾಪ ಬೋರ್ಡನ್ನು ತಲೆಕೆಳಗೆ ಮಾಡಿ ನೋಡಿದಳು ಅಜ್ಜಿ ಎಂದು ಹೇಳಿ ನಕ್ಕಳು. ನಾನಿಟ್ಟ ಹೆಸರು. ಅದನ್ನು ಇನ್ನು ಮೇಲೆ ಅನ್ನಬೇಡ ಎಂದು ಗದರಿದೆ. ಅವಳಿಗೆ ಆಶ್ಚರ್ಯವಾಯಿತು, ಹೆಸರಿಟ್ಟವರು ನೀವೇ ಅಲ್ಲವೇ ಎಂದಳು.

ಹುಡುಗಿ ಹೋದ ಮೇಲೆ ಸ್ಕ್ರೂ ಡ್ರೈವರ್ ತಂದು ಬೋರ್ಡಿನ ಸನ್‌ಮೈಕಾ ಎಬ್ಬಿಸಿದೆ. ಒಳಗೆ ಆರು ನಾಟ್ ಗೇಟುಗಳ ಚಿಪ್ಪು ಧೂಳು ಮುಚ್ಚಿಕೊಂಡು ಕೂತಿತ್ತು. ಮೇಲೆ ಯಾರು ಎಷ್ಟು ಕಡಿಮೆ ಎಣಿಸಿ ಮಿಠಾಯಿ ತಿಂದರೂ ಕೆಳಗೆ ಅದು ಕೆಲಸ ಮಾಡುತ್ತಲೇ ಇತ್ತು. ಹೊಸ ಕಾಲದ ಪುಸ್ತಕ ತೆಗೆದು ನೋಡಿದೆ. ಅಲ್ಲೂ ಎಷ್ಟೋ ಕಡೆ ಬಾರ್ ಅಕ್ಷರಗಳನ್ನು ಪುಕ್ಕಟೆ ಎಂದೇ ಎಣಿಸಿದ್ದಾರೆ. ಒಂದು ಗಳಿಗೆ ಸಮಾಧಾನವಾಯಿತು. ಆದರೆ ಹಾಗೆ ಎಣಿಸುವ ಮೊದಲು, ಎರಡೂ ರೂಪ ಸಿಗುತ್ತವೆ ಎಂದಿಟ್ಟುಕೊಳ್ಳೋಣ ಎಂದು ಒಂದು ಸಾಲು ಬರೆದಿರುತ್ತಾರೆ. ನಾನು ಆ ಸಾಲನ್ನು ಯಾರಿಗೂ ಬರೆಸಿಲ್ಲ. ನಾದಿನಿಯ ಕತೆ ಹೇಳಿದ್ದೇನೆ. ನನ್ನ ನಾಲ್ಕು ತಪ್ಪಲ್ಲ, ಅವಳ ಐದೂ ತಪ್ಪಲ್ಲ. ಯಾವ ಬೋರ್ಡಿನ ಮೇಲೆ ಅನ್ನುವುದನ್ನು ಹೇಳದೆ ಯಾವುದು ಕಡಿಮೆ ಅನ್ನುವುದನ್ನು ಹೇಳಲಾಗುವುದಿಲ್ಲ, ಅಷ್ಟೇ. ಅವಳು ಮೊದಲ ವಾರವೇ ಕೇಳಿದ್ದು ಅದನ್ನೇ. ಒಳಗೆ ಯಾರೋ ತಿರುಗಿಸಬೇಕಲ್ಲವಾ ಅಂತ.

ನನ್ನ ಮೊಮ್ಮಗಳು ಆ ದಿನಗಳಲ್ಲೇ ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸುತ್ತಿದ್ದಳು. ಒತ್ತಕ್ಷರ ಬರುವುದಕ್ಕೇ ಒಂದು ವಾರ ಹಿಡಿಯಿತು. ಅವಳಿಗೆ ಗೊತ್ತಾಗದ ಹಾಗೆ ಆ ಹೆಂಗಸಿಗೆ ಒಂದು ಮೆಸೇಜು ಬರೆಯಲು ಕೂತೆ. ತಪ್ಪು ಎಂದು ಬರೆದೆ. ನನ್ನ ತಪ್ಪು ಎಂದು ಬರೆಯುವ ಬದಲು ಒಂದು ಸಣ್ಣ ತಪ್ಪು ತಿಳುವಳಿಕೆ ಆಗಿದೆ ಎಂದು ಬರೆದೆ. ಓದಿ ನೋಡಿದರೆ ಯಾರ ತಪ್ಪು ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಅಳಿಸಿದೆ. ನಾಲ್ಕೈದು ದಿನ ಹೀಗೆ ಬರೆದೆ, ಅಳಿಸಿದೆ. ಕೊನೆಗೆ ಮೊಮ್ಮಗಳು ಇಣುಕಿ ನೋಡಿ, ಅಜ್ಜಿ, ಇಷ್ಟು ದಿನದಿಂದ ಯಾರಿಗೆ ಕಾಗದ ಬರೀತಿದ್ದೀರಿ ಅಂದಳು. ಅವಳ ವಯಸ್ಸಿಗೆ ಅದು ತಮಾಷೆ. ನನಗೆ ಮುಖ ಬಿಸಿಯಾಯಿತು.

ಮರುದಿನ ಬೋರ್ಡನ್ನು ಒಂದು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಪಾಂಡವಪುರದ ಬಸ್ಸು ಹತ್ತಿದೆ. ಅಲ್ಲಿಂದ ಅವರ ಊರಿಗೆ ಆಟೋ. ಮಧ್ಯಾಹ್ನ ಮೂರು ಗಂಟೆ. ಅವಳು ಹುಲ್ಲು ಕತ್ತರಿಸುವ ಮಿಷನ್ನಿನ ಮುಂದಿದ್ದಳು. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ ಕೂತ್ಕಳಿ ಅಂದರು, ಅಷ್ಟೇ. ಬಂದ ಕಾರಣ ಕೇಳಲಿಲ್ಲ.

ಬಸ್ಸಿನಲ್ಲಿ ಬರುವಾಗ ಚೆನ್ನಾಗಿ ಮಾತು ಜೋಡಿಸಿಕೊಂಡಿದ್ದೆ. ಜಗಲಿಯ ಮೇಲೆ ಕೂತರೆ ಒಂದೂ ನೆನಪಾಗಲಿಲ್ಲ. ಬೋರ್ಡು ತೆಗೆದು ಇಟ್ಟೆ. ನಿಮ್ಮ ಸೊಸೆಯದು ತಪ್ಪಿರಲಿಲ್ಲ, ಅವಳು ಸರಿಯಾಗಿ ಮಾಡಿದ್ದನ್ನು ಒರೆಸಿಹಾಕಿಸಿದವಳು ನಾನು ಅಂದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಹೆಂಗೆ ಅಂತ ಯೋಳಿ ಅಂದರು.

ಸ್ಲೇಟು ಇರಲಿಲ್ಲ. ಅವರ ಮುಂದಿದ್ದ ಅವರೆಕಾಳನ್ನೇ ತೆಗೆದುಕೊಂಡು ಒಂದು ಗೇಟಿಗೆ ಒಂದು ಕಾಳಿನಂತೆ ಇಟ್ಟೆ. ಇದು ನಾನು ಹೇಳಿಕೊಟ್ಟದ್ದು, ನಾಲ್ಕು ಕಾಳು. ಇದು ನಿಮ್ಮ ಸೊಸೆಯದು, ಐದು ಕಾಳು. ನನ್ನದೇ ಕಡಿಮೆ ಎಂದು ಅವಳನ್ನು ಎಲ್ಲರ ಮುಂದೆ ಹಂಗಿಸಿದೆ. ಆದರೆ ನನ್ನ ನಾಲ್ಕು ಕೆಲಸ ಮಾಡಬೇಕಾದರೆ ಮೂರೂ ಪಂಪಿನ ಸುದ್ದಿಯನ್ನು ಮೊದಲು ಉಲ್ಟಾ ಮಾಡಬೇಕು. ಅದಕ್ಕೆ ಇನ್ನು ಮೂರು ಕಾಳು ಬೇಕು. ನನ್ನ ಬೋರ್ಡಿನಲ್ಲಿ ಅವನ್ನು ಒಳಗೆ ಬಚ್ಚಿಟ್ಟಿದ್ದೇನೆ. ಪರೀಕ್ಷೆಯ ಬೋರ್ಡಿನಲ್ಲಿ ಬಚ್ಚಿಟ್ಟಿರಲಿಲ್ಲ. ಹೀಗೆ ಹೇಳುತ್ತಾ ಎಬ್ಬಿಸಿದ ಸನ್‌ಮೈಕಾದ ಕೆಳಗಿನ ಚಿಪ್ಪು ತೋರಿಸಿ, ಮೂರು ಕಾಳು ಸೇರಿಸಿದೆ. ಏಳಾಯಿತು.

ಅತ್ತೆ ಎರಡು ಸಾಲನ್ನೂ ನೋಡಿದರು. ಅವಳ ಸಾಲಿನ ಕೊನೆಯ ಕಾಳಿನ ಮೇಲೆ ಬೆರಳಿಟ್ಟು, ಇವಳು ಯಾಕೆ ಇಲ್ಲಿ ಮೂರು ಸೇರಿಸಬೇಕಾಗಿಲ್ಲ ಎಂದು ಕೇಳಿದರು. ಇವಳು ಮೊದಲು ಉಲ್ಟಾ ಮಾಡಲೇ ಇಲ್ಲ, ಎಲ್ಲ ಮುಗಿದ ಮೇಲೆ ಕೊನೆಗೆ ಒಂದು ಸಲ ಮಾಡಿದಳು, ಅದೇ ಈ ಕಾಳು ಅಂದೆ. ಅವರು ತಲೆದೂಗಿದರು. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಒಂದು ವಾರ ಹಿಡಿದದ್ದು ಇವರಿಗೆ ಒಂದು ಬೊಗಸೆ ಕಾಳಿನಲ್ಲಿ ಮುಗಿಯಿತು.

ಆ ಹೆಂಗಸು ಅಷ್ಟರಲ್ಲಿ ಮಿಷನ್ನು ನಿಲ್ಲಿಸಿ ಬಂದು ಕಂಬಕ್ಕೆ ಒರಗಿ ನಿಂತಿದ್ದಳು. ಕೈಗೆಲ್ಲ ಹುಲ್ಲಿನ ಹಸಿರು. ನನ್ನನ್ನಲ್ಲ, ಕಾಳುಗಳನ್ನು ನೋಡುತ್ತಿದ್ದಳು.

"ಅಂಗಾದ್ರೆ ನಂದೇ ಸರಿ ಇತ್ತಾ ಅಮ್ಮ?"

"ಸರಿ ಇತ್ತು."

"ನಾವ್ ನಿಮ್ಮನೇಗ್ ಬಂದ್ ದಿನವೇ ನಿಮ್ಗೆ ಗೊತ್ತಾಗಿತ್ತಾ?"

ಇದನ್ನು ಅವಳು ಕೇಳುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ. ಸುಳ್ಳು ಹೇಳುವುದು ಸುಲಭವಿತ್ತು. ಅವಳಿಗೆ ನನ್ನ ಮೇಲೆ ಇನ್ನೂ ಗೌರವವಿತ್ತು, ಆಮೇಲೆ ಗೊತ್ತಾಯಿತು ಕಣೇ ಅಂದಿದ್ದರೆ ನಂಬುತ್ತಿದ್ದಳು.

"ಹಸಿರು ಇರಲಿಲ್ಲ ಅಂತ ನೀನು ಅಂದ ಕೂಡಲೇ ಗೊತ್ತಾಯ್ತು," ಅಂದೆ. "ಗೊತ್ತಾದ ಮೇಲೇನೇ ನಿನ್ನನ್ನ ಬೈದದ್ದು."

ಒಂದು ಕೋಳಿ ಬಂದು ಕಾಳಿನ ಸಾಲಿಗೆ ಬಾಯಿ ಹಾಕಿತು. ಅತ್ತೆ ಅದನ್ನು ಓಡಿಸಿ, ಕಾಳನ್ನೆಲ್ಲ ಮತ್ತೆ ಮೊರಕ್ಕೆ ಬಳಿದುಕೊಂಡರು.

"ಅವತ್ತು ಬಸ್ಸಲ್ಲಿ ದಾರೀವರ್ಗೂ ಬೈಕಂಡು ಬಂದೆ ನಾನು ಇವ್ಳ," ಅಂದರು. "ತುಟಿ ಪಿಟಕ್ ಅನ್ನಿಲ್ಲ. ಅಮ್ಮೋರು ತಪ್ಪು ಯೋಳ್ಕೊಟ್ರು ಅಂತ ಒಂದ್ ಮಾತ್ ಅನ್ನಿಲ್ಲ."

ಆಮೇಲೆ ಸೊಸೆಯ ಕಡೆ ತಿರುಗಿ, ಮತ್ತೆ ಪರೀಕ್ಷೆ ಯಾವಾಗ ಎಂದು ಕೇಳಿದರು. ಆರು ತಿಂಗಳಿದೆ ಅಂದಳು. ಬರಿ ಅಂದರು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆ ಸಮಾಧಾನದಲ್ಲೇ ನಾನು, ನಾಳೆಯಿಂದಲೇ ಬಾ, ನಿನಗೊಬ್ಬಳಿಗೇ ಹೇಳಿಕೊಡುತ್ತೇನೆ, ಬೇಕಾದರೆ ನಾನೇ ಇಲ್ಲಿಗೆ ಬರುತ್ತೇನೆ ಅಂದೆ.

ಉತ್ತರ ಹೇಳಿದವಳು ಸೊಸೆಯೇ, ತುಂಬಾ ಮರ್ಯಾದೆಯಿಂದ.

"ಬ್ಯಾಡ ಬುಡಿ ಅಮ್ಮ. ನಿಮ್ಗ್ಯಾಕೆ ತೊಂದ್ರೆ. ಬೋರ್ಡು ಇಲ್ಲೇ ಬುಟ್ಟೋಗಿ, ನಾನೇ ನೋಡ್ಕತೀನಿ."

ಬಿಟ್ಟು ಬಂದೆ. ಆಟೋ ಸಿಗುವ ರಸ್ತೆಯವರೆಗೂ ಅವಳು ಜೊತೆಗೆ ಬಂದಳು. ಬರುವಾಗ ಒಂದೇ ಒಂದು ಪ್ರಶ್ನೆ ಕೇಳಿದಳು, ನಾಟ್ ಗೇಟನ್ನು ಲೆವೆಲ್ಲಿನಲ್ಲೂ ಎಣಿಸಬೇಕಾ ಅಂತ. ಎಣಿಸು, ಎಣಿಸಿದ್ದೀನಿ ಅಂತ ಮೇಲೆ ಬರಿ ಅಂದೆ. ಆಯ್ತು ಅಂದಳು. ಅವಳು ನನ್ನಿಂದ ಕೇಳಿ ಕಲಿತದ್ದು ಅದೇ ಕೊನೆ.

ಶೀತಲ ಕೇಂದ್ರದವರು ಅಷ್ಟು ದಿನ ಕಾಯಲಿಲ್ಲ. ಆ ಕೆಲಸಕ್ಕೆ ಮಳೆಗಾಲದ ಹೊತ್ತಿಗೆ ಬೇರೊಬ್ಬರು ಬಂದರು. ಮೊದಲ ಸಲದ ಪರೀಕ್ಷೆಯಲ್ಲೇ ಅವಳು ಪಾಸಾಗಿದ್ದರೆ ಅದು ಅವಳದಾಗುತ್ತಿತ್ತು. ಇದನ್ನು ನಾನು ಯಾವ ಕಡೆಯಿಂದ ಎಣಿಸಿದರೂ ಕಡಿಮೆಯಾಗುವುದಿಲ್ಲ.

ಅವಳು ಎರಡನೇ ಸಲ ಬರೆದಳು, ಪಾಸಾದಳು. ಇದನ್ನು ನನಗೆ ಹೇಳಿದವಳು ಬೆಳಗೊಳದ ಹುಡುಗಿ, ಅವಳಿಗೆ ಇವಳ ಫೋನಿನ ಸಂಪರ್ಕ ಉಳಿದಿತ್ತು. ಈ ಸಲ ಬೇರೆ ಲೆಕ್ಕವಂತೆ. ಇವಳು ಉತ್ತರದ ತಲೆಯ ಮೇಲೆ, ಇಲ್ಲಿ ಬಾರ್ ಅಕ್ಷರಗಳು ಪುಕ್ಕಟೆ ಸಿಗುವುದಿಲ್ಲ, ನಾಟ್ ಗೇಟುಗಳನ್ನೂ ಎಣಿಸಲಾಗಿದೆ ಎಂದು ಮೊದಲೇ ಬರೆದು, ಆಮೇಲೆ ಮೂರು ಥರದಲ್ಲಿ ಬಿಡಿಸಿ, ಗೇಟು, ಲಿಟರಲ್, ಲೆವೆಲ್ ಹೋಲಿಸಿ, ಕಡಿಮೆಯದನ್ನು ಕಟ್ಟಿ ತೋರಿಸಿದಳಂತೆ. ಪರೀಕ್ಷಕರು ಆ ಮೇಲಿನ ಸಾಲನ್ನು ಓದಿ, ಹೀಗೆ ಯಾರೂ ಬರೆಯುವುದಿಲ್ಲ, ನಿಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರಂತೆ.

ಯಾರೂ ಇಲ್ಲ ಸಾರ್, ನಾನೇ ಅಂದಳಂತೆ.

ಹುಡುಗಿ ಇದನ್ನು ಹೇಳಿ, ನೋಡಿ ಅಜ್ಜಿ, ನಿಮ್ಮ ಹೆಸರೇ ಹೇಳಲಿಲ್ಲ ಎಂದು ನನ್ನ ಪರವಾಗಿ ಬೇಜಾರು ಮಾಡಿಕೊಂಡಳು. ಅವಳು ಹೇಳಿದ್ದು ಸರಿ ಕಣೇ ಅಂದೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಆಗ ಬರಲಿಲ್ಲ. ಅದಕ್ಕೇ ಇದನ್ನು ಒಂದೊಂದೇ ಅಕ್ಷರ ಒತ್ತಿ ಬರೆದದ್ದು.